ಬಟವಾಡೆ ಚೀಟಿ: ಗಳಿಕೆ ಒಂದು ಕಡೆ, ಮುರಿತ ಒಂದು ಕಡೆ



ಕುಯ್ಲಿನ ತಿಂಗಳುಗಳಲ್ಲಿ ನಮ್ಮ ಸಂಘದ ಕಚೇರಿಗೆ ಬರುವ ಸದಸ್ಯರ ಕೈಯಲ್ಲಿ ಒಂದು ಉದ್ದನೆಯ ಡೈರಿ ಇರುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಧಾರಣೆ ಕೇಳಿ, ಗೊಬ್ಬರದ ಇಂಡೆಂಟ್ ಕೊಟ್ಟು ಮುಗಿದ ಮೇಲೆ ಮೆಲ್ಲಗೆ ಡೈರಿ ಬಿಚ್ಚಿ, "ಇದೊಂದು ಕೂಡಿಸಿ ನೋಡಿ, ಬ್ಯಾಂಕಿನಿಂದ ತಂದದ್ದಕ್ಕೂ ಹಂಚಿದ್ದಕ್ಕೂ ತಾಳೆಯಾಗುವುದಿಲ್ಲ" ಎನ್ನುತ್ತಾರೆ. ಡೈರಿಯಲ್ಲಿ ಕೂಡಿಸುವುದರಲ್ಲಿ ತಪ್ಪಿರುವುದು ಅಪರೂಪ. ತಪ್ಪಿರುವುದು ಬರೆದಿರುವ ರೀತಿಯಲ್ಲಿ. ಆಳಿನ ಹೆಸರಿನ ಮುಂದೆ ಕೂಲಿ, ಸಂತೆಗೆ ಕೊಟ್ಟ ದುಡ್ಡು, ಸಾಲದ ಕಂತು, ಅಂಗಡಿ ಬಾಕಿ ಎಲ್ಲವೂ ಒಂದೇ ಸಾಲಿನಲ್ಲಿ, ಕೆಲವು ಕೂಡಿಸುವ ಗುರುತಿನಿಂದ, ಕೆಲವು ಕಳೆಯುವ ಗುರುತಿನಿಂದ, ಕೆಲವು ಯಾವ ಗುರುತೂ ಇಲ್ಲದೆ ಬಿದ್ದಿರುತ್ತವೆ.

ಇದನ್ನು ಅನ್ಯರ ದೋಷವೆಂದು ಹೇಳುತ್ತಿಲ್ಲ. ಎರಡು ವರ್ಷದ ಹಿಂದಿನ ಕುಯ್ಲಿನವರೆಗೆ ನನ್ನ ಬಟವಾಡೆ ಪುಸ್ತಕವೂ ಹಾಗೆಯೇ ಇತ್ತು. ಪದವಿ ತರಗತಿಯಲ್ಲಿ ಲೆಕ್ಕಶಾಸ್ತ್ರ ಓದಿದವನು, ಸಂಘದ ಲೆಕ್ಕವನ್ನು ಜಮಾ ಖರ್ಚಿನ ಕ್ರಮದಲ್ಲಿ ಬರೆಸುವವನು, ಸ್ವಂತ ತೋಟದ ಕೂಲಿಯನ್ನು ಮಾತ್ರ ಡೈರಿಯಲ್ಲಿ ಗೀಚಿಕೊಳ್ಳುತ್ತಿದ್ದೆ. ಒಂದು ಬಟವಾಡೆಯ ಸಂಜೆ, ನಮ್ಮಲ್ಲಿ ಬಹಳ ವರ್ಷದಿಂದ ಹಣ್ಣು ಕುಯ್ಯುವ ಹೆಂಗಸೊಬ್ಬರು ಲಕೋಟೆಯ ದುಡ್ಡನ್ನು ಎರಡು ಸಲ ಎಣಿಸಿ ಅಲ್ಲೇ ನಿಂತರು.

"ಅಯ್ಯಾ, ಐನೂರು ಕಮ್ಮಿ ಅದೆ."

"ಇಲ್ಲಮ್ಮ, ಮೂರು ಸಲ ಕೂಡಿಸಿದ್ದೇನೆ. 2,950 ಸರಿಯಾಗಿದೆ."

"ನೀವು ಕೂಡಿಸಿದ್ದು ಸರಿ ಇರ್ಬೋದು. ಮೊದಲ ಸಂತೆ ದುಡ್ಡು ನಂಗೆ ಎರಡು ಸಲ ಹಿಡ್ದಂಗೆ ಆಯ್ತಲ್ಲ?"

ಓದು ಬರಹ ಬಾರದ ಆಕೆಯ ಲೆಕ್ಕವೇ ಸರಿಯಾಗಿತ್ತು. ಹೇಗೆಂದು ಕಂಡುಹಿಡಿಯಲು ನನಗೆ ಆ ರಾತ್ರಿ ಒಂದು ಗಂಟೆ ಹಿಡಿಯಿತು. ಆ ಲೆಕ್ಕವನ್ನೇ ಇಲ್ಲಿ ಪಾಠಕ್ಕೆ ಇಟ್ಟುಕೊಳ್ಳುತ್ತೇನೆ. ದರಗಳನ್ನೂ ಅಂಕಿಗಳನ್ನೂ ಕೂಡಿಸಲು ಸುಲಭವಾಗುವಂತೆ ದುಂಡಗೆ ಮಾಡಿಕೊಂಡಿದ್ದೇನೆ. ತಾವು ತಮ್ಮ ತಮ್ಮ ಊರಿನ ದರವನ್ನು, ಸರ್ಕಾರದ ಕನಿಷ್ಠ ಕೂಲಿಗೆ ಕಡಿಮೆಯಾಗದಂತೆ, ಹಾಕಿಕೊಳ್ಳತಕ್ಕದ್ದು.

ನಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಭಾನುವಾರ ಕಳೆದು 12 ಕೆಲಸದ ದಿನ. ಮೊದಲನೆಯ ವಾರ ಆಕೆ ಐದು ದಿನ ದಿನಗೂಲಿಯ ಮೇಲೆ, ದಿನಕ್ಕೆ 500 ರೂಪಾಯಿಯಂತೆ, ಕಣದ ಕೆಲಸ ಮಾಡಿದ್ದರು; ಒಂದು ದಿನ ಕಿಲೋ ಲೆಕ್ಕದಲ್ಲಿ 80 ಕಿಲೋ ಹಣ್ಣು ಕುಯ್ದಿದ್ದರು. ಕಿಲೋಗೆ 5 ರೂಪಾಯಿ. ಆದ್ದರಿಂದ ಆ ವಾರದ್ದು 2,500 ಮತ್ತು 400, ಒಟ್ಟು 2,900. ಶನಿವಾರ ಸಂತೆಗೆಂದು 500 ಕೊಟ್ಟೆ. ಕೊಟ್ಟ ಕೂಡಲೇ ಡೈರಿಯಲ್ಲಿ 2,900ರಿಂದ 500 ಕಳೆದು "ಬಾಕಿ 2,400" ಎಂದು ಬರೆದೆ. ಎರಡನೆಯ ವಾರ ಆಕೆ ಐದು ದಿನದಲ್ಲಿ 532 ಕಿಲೋ ಕುಯ್ದರು. ಒಂದು ದಿನ ಬರಲಿಲ್ಲ. ಎರಡು ಸಂಜೆ ಪಲ್ಪರ್ ಬಳಿ ಎರಡೆರಡು ಗಂಟೆ ಹೆಚ್ಚಿಗೆ ನಿಂತಿದ್ದರು. ಅದಕ್ಕೆ ಮಾಮೂಲಿ ದರದ ಎರಡರಷ್ಟು ಕೊಡಬೇಕು. ಎಂಟು ಗಂಟೆಗೆ 500 ಎಂದರೆ ಗಂಟೆಗೆ 62 ರೂಪಾಯಿ 50 ಪೈಸೆ, ಅದರ ಎರಡರಷ್ಟು 125, ನಾಲ್ಕು ಗಂಟೆಗೆ 500. ಹೀಗೆ ಎರಡನೆಯ ವಾರ 2,660 ಮತ್ತು 500, ಒಟ್ಟು 3,160. ಬಟವಾಡೆಯ ದಿನ ನಾನು ಮಾಡಿದ್ದೇನೆಂದರೆ, ಡೈರಿಯ 2,400ಕ್ಕೆ 3,160 ಕೂಡಿಸಿ 5,560 ಎಂದು "ಒಟ್ಟು" ಬರೆದೆ. ಅನಂತರ ಮುಂಗಡದ ಪುಟ ತೆಗೆದು, ಎರಡು ಸಂತೆಯ 1,000, ಸಾಲದ ಕಂತು 750, ಸೊಸೈಟಿ ಅಂಗಡಿಯ ಬಾಕಿ 860, ಒಟ್ಟು 2,610 ಕಳೆದೆ. ಉಳಿದದ್ದು 2,950.

ಕೂಡಿಸಿದ್ದು ಸರಿ, ಕಳೆದದ್ದು ಸರಿ. ಮೂರು ಸಲವಲ್ಲ, ಮೂವತ್ತು ಸಲ ಮಾಡಿದರೂ ಉತ್ತರ ಬದಲಾಗುತ್ತಿರಲಿಲ್ಲ. 5,560 ಎಂಬುದು ಆಕೆಯ ಗಳಿಕೆಯೇ ಅಲ್ಲ. ಅರ್ಧ ಗಳಿಕೆ, ಅರ್ಧ ಬಾಕಿ ಬೆರೆತ ಅಂಕಿ ಅದು. ಮೊದಲ ಸಂತೆಯ 500 ಅದರೊಳಗೆ ಒಮ್ಮೆ ಮುರಿದುಹೋಗಿತ್ತು, ಮುಂಗಡದ ಪುಟದಲ್ಲಿ ಮತ್ತೊಮ್ಮೆ ಮುರಿಯಿತು. ಕೊಟ್ಟದ್ದನ್ನು ಕೊಟ್ಟಾಗಲೇ ಗಳಿಕೆಯಿಂದ ಕಳೆದುಬಿಡುವ ಅಭ್ಯಾಸವಿರುವ ಕಡೆಯೆಲ್ಲ ಈ ತಪ್ಪು ಕಾದುಕೊಂಡಿರುತ್ತದೆ.

ಆಫೀಸುಗಳಲ್ಲಿ ನೌಕರರಿಗೆ ಕೊಡುವ ಸಂಬಳದ ಚೀಟಿಯನ್ನು ತಾವು ನೋಡಿರಬಹುದು. ನಡುವೆ ಒಂದು ಗೆರೆ. ಎಡಕ್ಕೆ ಗಳಿಕೆ, ಬಲಕ್ಕೆ ಮುರಿತ. ಅದರ ಕಟ್ಟುಪಾಡು ಒಂದೇ: ಎಡಗಡೆ ಕಳೆಯುವ ಗುರುತೇ ಇರಬಾರದು, ಬಲಗಡೆಯದು ಎಡಕ್ಕೆ ದಾಟಬಾರದು. ಎರಡೂ ಕಡೆ ಬರೀ ಕೂಡಿಸುವುದು. ಕಳೆಯುವ ಕೆಲಸ ಇಡೀ ಚೀಟಿಯಲ್ಲಿ ಒಂದೇ ಒಂದು ಸಲ, ಕೊನೆಯ ಸಾಲಿನಲ್ಲಿ. ಆಕೆಯ ಲೆಕ್ಕವನ್ನು ಹಾಗೆ ಬರೆದರೆ ಹೀಗಾಗುತ್ತದೆ:

| ಗಳಿಕೆ | ರೂ. | ಮುರಿತ | ರೂ. |
|---|---|---|---|
| ದಿನಗೂಲಿ, 5 ದಿನ × 500 | 2,500 | ಸಂತೆ ಮುಂಗಡ, ಮೊದಲ ವಾರ | 500 |
| ಹಣ್ಣು ಕುಯ್ಲು, 612 ಕಿಲೋ × 5 | 3,060 | ಸಂತೆ ಮುಂಗಡ, ಎರಡನೆಯ ವಾರ | 500 |
| ಓವರ್‌ಟೈಮ್, 4 ಗಂಟೆ × 125 | 500 | ಸಾಲದ ಕಂತು | 750 |
| | | ಸೊಸೈಟಿ ಅಂಗಡಿ ಬಾಕಿ | 860 |
| ಒಟ್ಟು ಗಳಿಕೆ | 6,060 | ಒಟ್ಟು ಮುರಿತ | 2,610 |
| | | ಕೈಗೆ ಬರುವ ಕೂಲಿ | 3,450 |

6,060ರಲ್ಲಿ 2,610 ಹೋದರೆ 3,450. ನಾನು ಕೊಟ್ಟದ್ದು 2,950. ಕೊರತೆ 500. ಮರುದಿನ ಬೆಳಿಗ್ಗೆ ಹಣ್ಣಿಗೆ ಹೋಗುವ ಮುನ್ನವೇ ಆಕೆಯ ಕೈಗೆ ಐನೂರು ಕೊಟ್ಟು, ತಪ್ಪು ನನ್ನದೆಂದು ಎಲ್ಲರೆದುರು ಹೇಳಿದೆ. ಹೇಳದೆ ಇದ್ದಿದ್ದರೆ ಮುಂದಿನ ವಾರ ಆ ಸಾಲಿನ ಹೆಂಗಸರಲ್ಲಿ ಎಷ್ಟು ಜನ ಪಕ್ಕದ ತೋಟದ ಜೀಪು ಹತ್ತುತ್ತಿದ್ದರೋ. ಹಣ್ಣು ಗಿಡದಲ್ಲಿ ಒಣಗುವ ಹೊತ್ತಿನಲ್ಲಿ ಐನೂರು ರೂಪಾಯಿಯ ತಪ್ಪಿಗೆ ತೆರಬೇಕಾದ ಬೆಲೆ ತಮಗೆಲ್ಲ ತಿಳಿದಿದೆ.

ಚೀಟಿಯ ಎಡಗಡೆಯಲ್ಲಿ ಬರೀ ಮೊತ್ತ ಬರೆದು ಬಿಡಬೇಡಿ. ಎಷ್ಟು ದಿನ, ಎಷ್ಟು ಕಿಲೋ, ಯಾವ ದರ ಎಂಬುದು ಅಲ್ಲೇ ಇರಬೇಕು. ಅಡಿಕೆ ಸುಲಿಯುವವರಿಗಾದರೆ ಎಷ್ಟು ಡಬ್ಬ, ಡಬ್ಬಕ್ಕೆ ಎಷ್ಟು ಎಂದಿರಬೇಕು. ಕೊನೆಗಾರನಿಗೆ ಕೊನೆಯ ಲೆಕ್ಕವಿದ್ದರೆ ಕೊನೆಯ ಸಂಖ್ಯೆ. ತಕರಾರು ಬರುವುದು ಸಾಮಾನ್ಯವಾಗಿ ಈ ಸಂಖ್ಯೆಯ ಮೇಲೆ. ಸಂಖ್ಯೆ ಕಂಡರೆ ಆಳು ಅಲ್ಲೇ "ನಂದು ಆರು ದಿನ ಕಿಲೋ ಲೆಕ್ಕ, ಸರಿ" ಎಂದು ಒಪ್ಪಿಬಿಡುತ್ತಾರೆ.

ಇನ್ನು ಕೆಲವು ಬಾಬ್ತುಗಳು ಎರಡು ಕಡೆಗೂ ಸೇರುವುದಿಲ್ಲ. ಅವನ್ನು ಬಲವಂತವಾಗಿ ಒಳಗೆ ತಂದರೆ ತಾಳೆ ಕೆಡುತ್ತದೆ. ಮುಖ್ಯವಾದದ್ದು ಸಾಲದ ಬಾಕಿ. ಆಕೆ ಮಳೆಗಾಲದಲ್ಲಿ ಮಗನ ಆಸ್ಪತ್ರೆ ಖರ್ಚಿಗೆಂದು ತೆಗೆದುಕೊಂಡ ಸಾಲದಲ್ಲಿ 6,000 ಉಳಿದಿತ್ತು. ಈ ಬಟವಾಡೆಯಲ್ಲಿ ಮುರಿದದ್ದು 750, ಉಳಿದದ್ದು 5,250. ಬಲಗಡೆ ಸೇರುವುದು 750 ಮಾತ್ರ. 6,000 ಮತ್ತು 5,250 ಎಂಬ ಎರಡು ಅಂಕಿ ಚೀಟಿಯ ಕೆಳಗೆ, ಗೆರೆ ಎಳೆದು ಬೇರೆಯಾಗಿ ಬರೆಯತಕ್ಕದ್ದು: ಹಿಂದಿನ ಬಾಕಿ, ಈಗ ಮುರಿದದ್ದು, ಮುಂದಿನ ಬಾಕಿ. ಇದನ್ನು ಪ್ರತಿ ಚೀಟಿಯಲ್ಲೂ ಬರೆಯುವುದು ನನ್ನ ದೃಷ್ಟಿಯಲ್ಲಿ ಕೂಲಿ ಬರೆಯುವಷ್ಟೇ ಅಗತ್ಯ. ಸಾಲ ಎಂದು ತೀರುತ್ತದೆಂಬುದು ತಿಳಿಯದ ಆಳಿಗೆ ನಮ್ಮ ಪುಸ್ತಕದ ಮೇಲೆ ನಂಬಿಕೆ ಇರುವುದಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ತಪ್ಪು.

ಭವಿಷ್ಯನಿಧಿಯದು ಇನ್ನೊಂದು. 20 ಅಥವಾ ಹೆಚ್ಚು ಜನರಿರುವ ತೋಟಗಳಿಗೂ ನಮ್ಮ ಸಂಘದಂಥ ಸಂಸ್ಥೆಗಳಿಗೂ ಇದು ಬರುತ್ತದೆ. ನೌಕರನ ಪಾಲು ಸಾಮಾನ್ಯವಾಗಿ ನೂರಕ್ಕೆ 12, ಧಣಿಯ ಪಾಲೂ ಅಷ್ಟೇ. 15,000 ಸಂಬಳಕ್ಕೆ ತಲಾ 1,800. ಮುರಿತದ ಕಡೆ ಬರೆಯಬೇಕಾದದ್ದು ನೌಕರನ 1,800 ಮಾತ್ರ. ಧಣಿಯ 1,800 ಅವನ ಸಂಬಳದಿಂದ ಹೋಗುವ ಹಣವಲ್ಲ. ಎರಡನ್ನೂ ಕೂಡಿಸಿ 3,600 ಮುರಿದ ಚೀಟಿಯನ್ನು ನಾನು ಒಂದು ಕಡೆ ನೋಡಿದ್ದೇನೆ. ಬರೆದವರಿಗೆ ದುರುದ್ದೇಶವಿರಲಿಲ್ಲ, ಕಚೇರಿಗೆ ಕಟ್ಟಿದ ಚಲನ್ನಿನ ಮೊತ್ತವನ್ನೇ ಚೀಟಿಗೆ ಇಳಿಸಿದ್ದರು. ಧಣಿಯ ಪಾಲನ್ನು ತೋರಿಸಬೇಕೆಂದಿದ್ದರೆ ಸಾಲದ ಬಾಕಿಯಂತೆ ಅದೂ ಗೆರೆಯ ಕೆಳಗೆ.

ಹೊರಗಿನ ಜಿಲ್ಲೆ, ಹೊರಗಿನ ರಾಜ್ಯದಿಂದ ಕುಯ್ಲಿಗೆ ಆಳು ಕರೆಸುವವರು ಬಹಳ ಮಂದಿ ಇದ್ದೀರಿ. ಕೆಲಸಕ್ಕೆ ಸೇರುವ ಮೊದಲು ಬಸ್ಸು ರೈಲಿನ ಪ್ರಯಾಣಕ್ಕೆಂದು ಕೊಟ್ಟ ಮುಂಗಡವನ್ನು ಕೂಲಿಯಲ್ಲಿ ಮುರಿಯಲು ಕಾನೂನಿನಲ್ಲಿ ಅವಕಾಶವಿಲ್ಲ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಹಾಗೆಯೇ ಇತ್ತು, ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಹಾಗೆಯೇ ಇದೆ. ಆದ್ದರಿಂದ ಅದು ತೋಟದ ಖರ್ಚಿಗೆ ಹೋಗಬೇಕು, ಚೀಟಿಗೆ ಬರಕೂಡದು.

ಬಲಗಡೆಯ ಮೊತ್ತಕ್ಕೆ ಒಂದು ಮಿತಿಯೂ ಇದೆ. ಹಳೆಯ ಕಾಯ್ದೆಯಲ್ಲಿ ಮುರಿತ ಕೂಲಿಯ ಅರ್ಧ ಮೀರುವಂತಿರಲಿಲ್ಲ. ಸಹಕಾರ ಸಂಘಕ್ಕೆ ಸಲ್ಲುವ ಹಣ ಸೇರಿದ್ದರೆ ಮಾತ್ರ ಮುಕ್ಕಾಲರವರೆಗೆ ಹೋಗಬಹುದಿತ್ತು. ನಮ್ಮ ಸದಸ್ಯರಲ್ಲಿ ಹಿರಿಯರಿಗೆ ಆ ಮುಕ್ಕಾಲಿನ ನೆನಪು ಗಟ್ಟಿಯಾಗಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಡಿಲಿಕೆ ಇಲ್ಲ. ಎಲ್ಲ ಸೇರಿ ಅರ್ಧ, ಅಷ್ಟೇ. ಸೊಸೈಟಿ ಬಾಕಿ ಎಂದು ಅರ್ಧ ದಾಟುವಂತಿಲ್ಲ.

ಇದು ಲೆಕ್ಕದಲ್ಲಿ ಹೇಗೆ ತಟ್ಟುತ್ತದೆಂಬುದಕ್ಕೆ ಅದೇ ಬಟವಾಡೆಯ ಮತ್ತೊಬ್ಬ ಆಳನ್ನು ನೋಡೋಣ. ಆತ 12 ದಿನವೂ ದಿನಗೂಲಿಯ ಮೇಲೆ ಬಂದಿದ್ದ. ಗಳಿಕೆ 6,000. ಸಂತೆಗೆ ಎರಡು ಸಲ ಸೇರಿ 1,500 ತೆಗೆದುಕೊಂಡಿದ್ದ, ಸೊಸೈಟಿಯಲ್ಲಿ 1,240 ಬಾಕಿ, ಸಾಲದ ಕಂತು 1,000. ಕೂಡಿಸಿದರೆ 3,740. ಅರ್ಧವೆಂದರೆ 3,000. ಹೆಚ್ಚಾದ 740ನ್ನು ಯಾವುದರಿಂದ ಬಿಡಬೇಕು? ಸಂತೆಯ ದುಡ್ಡು ಈ ಹದಿನೈದು ದಿನದ ಕೂಲಿಯ ಮೇಲೆಯೇ ಕೊಟ್ಟದ್ದು, ಅದನ್ನು ಮುಂದಕ್ಕೆ ಹಾಕಿದರೆ ಬೆಳೆಯುತ್ತಲೇ ಹೋಗುತ್ತದೆ. ಸೊಸೈಟಿಗೆ ನಾವು ಆತನ ಪರವಾಗಿ ಒಪ್ಪಿಕೊಂಡಿದ್ದೇವೆ. ಕಾಯಬಲ್ಲದ್ದು ನಮ್ಮ ಸಾಲವೇ. ಕಂತನ್ನು 260ಕ್ಕೆ ಇಳಿಸಿದೆ, ಉಳಿದ 740 ಬಾಕಿಯಲ್ಲೇ ನಿಂತಿತು. ಕೈಗೆ 3,000. ಒಂದೇ ಸಾಲಿನ ಡೈರಿಯಲ್ಲಿ ಈ ಮಿತಿ ಕಣ್ಣಿಗೇ ಬೀಳುವುದಿಲ್ಲ. ಎರಡು ಮೊತ್ತ ಎದುರುಬದುರಾಗಿ ಕುಳಿತಾಗ ಮಾತ್ರ ಒಂದು ಇನ್ನೊಂದರ ಅರ್ಧ ಮೀರಿತೇ ಎಂದು ಕಾಣುತ್ತದೆ.

ಇಷ್ಟು ಒಬ್ಬರ ಚೀಟಿಯಾಯಿತು. ಈಗ ಬ್ಯಾಂಕಿನಿಂದ ಎಷ್ಟು ತರಬೇಕು, ಹಂಚಿದ ಮೇಲೆ ಏಕೆ ಉಳಿಯಿತು ಅಥವಾ ಏಕೆ ಸಾಲಲಿಲ್ಲ ಎಂಬ ಪ್ರಶ್ನೆ. ಇದಕ್ಕೆ ಎಲ್ಲ ಚೀಟಿಗಳನ್ನೂ ಒಂದು ದೊಡ್ಡ ಹಾಳೆಗೆ ಇಳಿಸಬೇಕು. ಒಬ್ಬರಿಗೆ ಒಂದು ಅಡ್ಡ ಸಾಲು, ಒಂದೊಂದು ಬಾಬ್ತಿಗೆ ಒಂದು ಉದ್ದ ಕಂಬ. ನಾಲ್ವರನ್ನು ಮಾತ್ರ ಇಲ್ಲಿ ತೋರಿಸುತ್ತೇನೆ. ಮೊದಲನೆಯವರು ಮೇಲಿನ ಹೆಂಗಸು, ಮೂರನೆಯವನು ಈಗ ಹೇಳಿದ ಆಳು.

| ಆಳು | ದಿನಗೂಲಿ | ಕುಯ್ಲು | ಓವರ್‌ಟೈಮ್ | ಒಟ್ಟು ಗಳಿಕೆ | ಸಂತೆ | ಕಂತು | ಸೊಸೈಟಿ | ಒಟ್ಟು ಮುರಿತ | ಕೈಗೆ |
|---|---|---|---|---|---|---|---|---|---|
| 1 | 2,500 | 3,060 | 500 | 6,060 | 1,000 | 750 | 860 | 2,610 | 3,450 |
| 2 | 4,000 | 1,540 | 0 | 5,540 | 1,000 | 500 | 0 | 1,500 | 4,040 |
| 3 | 6,000 | 0 | 0 | 6,000 | 1,500 | 260 | 1,240 | 3,000 | 3,000 |
| 4 | 2,000 | 3,425 | 0 | 5,425 | 500 | 0 | 425 | 925 | 4,500 |
| ಒಟ್ಟು | 14,500 | 8,025 | 500 | 23,025 | 4,000 | 1,510 | 2,525 | 8,035 | 14,990 |

ಈ ಹಾಳೆಯನ್ನು ಎರಡು ದಾರಿಯಿಂದ ಕೂಡಿಸಬೇಕು. ಉದ್ದಕ್ಕೆ ಕೂಡಿಸಿದರೆ ನಾಲ್ವರ ಕೈಗೆ ಬರುವ ಕೂಲಿ 14,990. ಕೆಳಗಿನ ಸಾಲನ್ನು ಅಡ್ಡಕ್ಕೆ ನೋಡಿದರೆ 14,500, 8,025 ಮತ್ತು 500 ಸೇರಿ 23,025. ಅದರಿಂದ 4,000, 1,510, 2,525 ಸೇರಿದ 8,035 ಕಳೆದರೆ ಅದೇ 14,990. ಎರಡು ದಾರಿ ಒಂದೇ ಬಾಗಿಲಿಗೆ ಬರಬೇಕು. ಬರದಿದ್ದರೆ ಲಕೋಟೆ ಮುಚ್ಚಬಾರದು.

ತಾಳೆಯಾದ ಮೇಲೆ ಈ ಕೆಳಗಿನ ಸಾಲು ಬಹಳ ಕೆಲಸಕ್ಕೆ ಬರುತ್ತದೆ. ಬ್ಯಾಂಕಿನಿಂದ ತರಬೇಕಾದದ್ದು 14,990. ಸೊಸೈಟಿಗೆ ಕಟ್ಟಬೇಕಾದ 2,525 ಬೇರೆ. ಸಂತೆಯ 4,000 ಈಗಾಗಲೇ ಎರಡು ಶನಿವಾರ ಹೋಗಿದೆ, ಅದನ್ನು ಮತ್ತೆ ತರುವುದು ಬೇಡ. ಕಂತಿನ 1,510 ಎಲ್ಲಿಗೂ ಹೋಗುವುದಿಲ್ಲ, ನಮಗೆ ಬರಬೇಕಾದ ಸಾಲ ಅಷ್ಟು ಇಳಿಯುತ್ತದೆ. ತೋಟದ ಖರ್ಚಿನ ಪುಸ್ತಕಕ್ಕೆ ಕೂಲಿಯೆಂದು ಬರೆಯಬೇಕಾದದ್ದು ಮಾತ್ರ ಪೂರ್ತಿ 23,025. ಇಲ್ಲಿ ಎರಡು ಬಗೆಯ ತಪ್ಪನ್ನು ನಾನು ಕಂಡಿದ್ದೇನೆ. ಕೆಲವರು 14,990ನ್ನೇ ಕೂಲಿ ಖರ್ಚೆಂದು ಬರೆದು, ಎಕರೆಗೆ ಕುಯ್ಲಿನ ಖರ್ಚು ಕಡಿಮೆಯಾಯಿತೆಂದು ಸಂತೋಷಪಡುತ್ತಾರೆ. ಇನ್ನು ಕೆಲವರು ಸಂತೆಯ ದಿನ 4,000 ಖರ್ಚು ಬರೆದು, ಬಟವಾಡೆಯ ದಿನ 23,025ನ್ನೂ ಬರೆದು, ಅದೇ ನಾಲ್ಕು ಸಾವಿರವನ್ನು ಎರಡು ಸಲ ಖರ್ಚು ಮಾಡುತ್ತಾರೆ. ಸಂತೆಯ ದಿನ ಕೊಟ್ಟದ್ದು ಖರ್ಚಲ್ಲ, ಮುಂಗಡ. ಮುಂಗಡದ ಖಾತೆಯಲ್ಲಿ ಬರೆದು, ಬಟವಾಡೆಯ ದಿನ ಅಲ್ಲಿಂದ ತೆಗೆಯಬೇಕು.

ನಗದಾಗಿ ಕೊಡುವವರು ಇದೇ ಹಾಳೆಯ ಕೊನೆಯ ಕಂಬದಿಂದ ನೋಟಿನ ಪಟ್ಟಿಯನ್ನೂ ಮಾಡಿಕೊಳ್ಳಬಹುದು. 3,450ಕ್ಕೆ ಐನೂರರ ಆರು, ಇನ್ನೂರರ ಎರಡು, ಐವತ್ತರ ಒಂದು, 4,040ಕ್ಕೆ ಐನೂರರ ಎಂಟು, ಇಪ್ಪತ್ತರ ಎರಡು, 3,000ಕ್ಕೆ ಐನೂರರ ಆರು, 4,500ಕ್ಕೆ ಒಂಬತ್ತು. ಒಟ್ಟಿನಲ್ಲಿ ಐನೂರರ 29, ಇನ್ನೂರರ 2, ಐವತ್ತರ 1, ಇಪ್ಪತ್ತರ 2. ಕೂಡಿಸಿ ನೋಡಿ, 14,990. ಇದು ಮೂರನೆಯ ತಾಳೆ. ಲಕೋಟೆ ತುಂಬಿ ಮುಗಿದಾಗ ಮೇಜಿನ ಮೇಲೆ ಒಂದು ನೋಟು ಉಳಿದರೆ ಯಾರದೋ ಲಕೋಟೆಯಲ್ಲಿ ಅದು ಇಲ್ಲವೆಂದರ್ಥ. ಫೋನಿನಲ್ಲೋ ಬ್ಯಾಂಕಿನ ಮೂಲಕವೋ ಕಳಿಸುವವರಿಗೆ ಈ ತೊಂದರೆ ಇಲ್ಲ, ಆದರೆ ಕಳಿಸಿದ ಮೊತ್ತಗಳ ಒಟ್ಟನ್ನು ಹಾಳೆಯ ಒಟ್ಟಿನೊಡನೆ ಹೊಂದಿಸುವ ಕೆಲಸ ತಪ್ಪುವುದಿಲ್ಲ.

ತಾಳೆಯಾಗದಿದ್ದರೆ ಎಲ್ಲಿ ಹುಡುಕಬೇಕು? ಮೇಲಿನಿಂದ ಕೆಳಗೆ ಎಲ್ಲವನ್ನೂ ಮತ್ತೆ ಕೂಡಿಸುವ ಮೊದಲು ವ್ಯತ್ಯಾಸದ ಅಂಕಿಯನ್ನೇ ಸ್ವಲ್ಪ ನೋಡಿ. ಅದು ಸುಳಿವು ಕೊಡುತ್ತದೆ. ನಾಲ್ಕನೆಯವರ ಚೀಟಿಯಲ್ಲಿ ಸೊಸೈಟಿಯ 425ನ್ನು ಕೈತಪ್ಪಿ ಗಳಿಕೆಯ ಕಡೆ ಬರೆದಿದ್ದೀರಿ ಎಂದುಕೊಳ್ಳಿ. ಆಗ ಅವರ ಗಳಿಕೆ 5,850, ಮುರಿತ 500, ಕೈಗೆ 5,350 ಎಂದಾಗುತ್ತದೆ. ಚೀಟಿಗಳ ಒಟ್ಟಿಗೂ ಹಾಳೆಯ ಒಟ್ಟಿಗೂ ಬರುವ ವ್ಯತ್ಯಾಸ 850, ಅಂದರೆ 425ರ ಎರಡರಷ್ಟು. ಮುರಿಯಬೇಕಾದದ್ದನ್ನು ಮುರಿಯದೆ ಬಿಟ್ಟದ್ದು ಒಂದು 425, ಕೂಡಿಸಬಾರದ್ದನ್ನು ಕೂಡಿಸಿದ್ದು ಇನ್ನೊಂದು 425. ಆದ್ದರಿಂದ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಅಂಕಿ ಹಾಳೆಯಲ್ಲಿ ಎಲ್ಲಾದರೂ ಇದೆಯೇ ನೋಡಿ. ಇದ್ದರೆ ಅದು ಗೆರೆ ದಾಟಿ ಕುಳಿತಿರುವ ಸಂಭವ ಹೆಚ್ಚು.

ಎರಡನೆಯ ಸುಳಿವು ಒಂಬತ್ತರದು. ಮೊದಲನೆಯವರ ಕುಯ್ಲಿನ 3,060ನ್ನು 3,600 ಎಂದು ಅಂಕಿ ಅದಲುಬದಲು ಮಾಡಿ ಬರೆದರೆ ವ್ಯತ್ಯಾಸ 540. ಅದು ಒಂಬತ್ತರಿಂದ ಸಮನಾಗಿ ಭಾಗವಾಗುತ್ತದೆ. ಪಕ್ಕಪಕ್ಕದ ಎರಡು ಅಂಕಿ ಸ್ಥಾನ ಬದಲಾಯಿಸಿಕೊಂಡರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಭಾಗವಾಗುವುದೇ ಆಗಿರುತ್ತದೆ. ಒಂದು ಸೊನ್ನೆ ಬಿಟ್ಟು 3,000ನ್ನು 300 ಎಂದು ಬರೆದಾಗಲೂ ಹಾಗೆಯೇ, ವ್ಯತ್ಯಾಸ 2,700. ಹಾಗೆಂದು ಒಂಬತ್ತರಿಂದ ಭಾಗವಾದ ಪ್ರತಿಯೊಂದು ವ್ಯತ್ಯಾಸವೂ ಇದೇ ಕಾರಣದ್ದೆಂದು ಹೇಳಲಾಗದು. ಎಲ್ಲಿಂದ ಹುಡುಕಲು ಶುರು ಮಾಡಬೇಕೆಂದು ಅದು ತಿಳಿಸುತ್ತದೆ, ಅಷ್ಟೇ. ಅರ್ಧವೂ ಸಿಗಲಿಲ್ಲ, ಒಂಬತ್ತೂ ಹೊಂದಲಿಲ್ಲ, ಆದರೆ ವ್ಯತ್ಯಾಸದ ಅಂಕಿಯೇ ಹಾಳೆಯಲ್ಲಿ ಇದ್ದಂತೆ ಇದೆ ಎಂದರೆ ಆ ಬಾಬ್ತು ಒಂದು ಕಡೆ ಬಿಟ್ಟುಹೋಗಿದೆ ಅಥವಾ ಎರಡು ಸಲ ಬಂದಿದೆ. ನನ್ನ ಐನೂರು ಈ ಜಾತಿಯದು. ಒಂದು ಅಥವಾ ಎರಡು ರೂಪಾಯಿಯ ವ್ಯತ್ಯಾಸವಾದರೆ ಪೈಸೆಯನ್ನು ಅಲ್ಲಲ್ಲೇ ದುಂಡು ಮಾಡಿರುತ್ತೀರಿ. ಪೈಸೆಯನ್ನು ಬಾಬ್ತಿನಲ್ಲಿ ಹಾಗೆಯೇ ಬಿಟ್ಟು, ಕೈಗೆ ಬರುವ ಕೂಲಿಯನ್ನು ಮಾತ್ರ ರೂಪಾಯಿಗೆ ದುಂಡು ಮಾಡಿ.

ಇಷ್ಟೆಲ್ಲ ಹೇಳಿದ ಮೇಲೆ ಈ ತಖ್ತೆ ಏನು ಹಿಡಿಯಲಾರದೆಂಬುದನ್ನೂ ಹೇಳಬೇಕು. ತಾಳೆಯಾದ ಹಾಳೆಯೆಂದರೆ ಅದರೊಳಗಿನ ಅಂಕಿಗಳು ಒಂದಕ್ಕೊಂದು ಹೊಂದಿವೆ ಎಂದು ಮಾತ್ರ. ಅಂಕಿಯೇ ಸುಳ್ಳಾಗಿದ್ದರೆ ಸುಳ್ಳು ಕೂಡ ಚೆನ್ನಾಗಿ ತಾಳೆಯಾಗುತ್ತದೆ. ತಕ್ಕಡಿ ಹತ್ತಿರ ಮೇಸ್ತ್ರಿ 612ರ ಬದಲು 621 ಬರೆದುಕೊಂಡಿದ್ದರೆ 45 ರೂಪಾಯಿ ಹೆಚ್ಚು ಹೋಗುತ್ತದೆ, ಚೀಟಿ ಹಾಳೆ ನೋಟು ಮೂರೂ ಒಪ್ಪುತ್ತವೆ. ಇದನ್ನು ಹಿಡಿಯಲು ಹಾಳೆಯ ಹೊರಗಿನ ಒಂದು ಅಂಕಿ ಬೇಕು. ನಾನು ಬಳಸುವುದು ಪಲ್ಪರಿನದು. ಮೂವರ ಕಿಲೋ 612, 308 ಮತ್ತು 685, ಒಟ್ಟು 1,605. ಐದರಿಂದ ಗುಣಿಸಿದರೆ 8,025, ಹಾಳೆಯ ಕುಯ್ಲಿನ ಕಂಬಕ್ಕೆ ಸರಿ. ಪಲ್ಪರ್ ಮನೆಯಲ್ಲಿ ಆಯಾ ದಿನ ಚೀಲ ಇಳಿಸಿಕೊಂಡು ಬೇರೊಬ್ಬರು ಬರೆದಿಟ್ಟ ತೂಕವೂ ಹತ್ತಿರ ಹತ್ತಿರ ಅಷ್ಟೇ ಇರಬೇಕು. ಚೀಲದ ತೂಕ, ತಕ್ಕಡಿಯ ಮುಳ್ಳು, ದಾರಿಯಲ್ಲಿ ಉದುರಿದ್ದು ಇವುಗಳಿಂದ ಅಲ್ಪಸ್ವಲ್ಪ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ದಿನದಿಂದ ದಿನಕ್ಕೆ ಒಂದೇ ಕಡೆಗೆ ವಾಲುತ್ತಿದ್ದರೆ ಮಾತ್ರ ತಕ್ಕಡಿಯನ್ನು ಪರೀಕ್ಷಿಸಿ. ಅದು ಆಳಿಗೆ ಮೋಸವಾಗುವ ಕಡೆಗೂ ವಾಲಿರಬಹುದು. ಸಂತೆ ಮುಂಗಡಕ್ಕೆ ಹೊರಗಿನ ಸಾಕ್ಷಿ ಆಳಿನ ರುಜು ಅಥವಾ ಹೆಬ್ಬೆಟ್ಟು. ಸೊಸೈಟಿಯ ಕಂಬಕ್ಕೆ ಸೊಸೈಟಿ ಕಳಿಸಿದ ಪಟ್ಟಿ. ಸೊಸೈಟಿಗೆ ಮುರಿಯಲು ಆಳಿನ ಒಪ್ಪಿಗೆಯನ್ನು ವರ್ಷಕ್ಕೊಮ್ಮೆಯಾದರೂ ಬರಹದಲ್ಲಿ ತೆಗೆದುಕೊಂಡಿರಿ.

"ನಮ್ಮಲ್ಲಿ ನಾಲ್ಕೇ ಜನ, ಇಷ್ಟೆಲ್ಲ ಬೇಕೇ?" ಎಂದು ಕೇಳುವ ಸದಸ್ಯರಿದ್ದಾರೆ. ಹೊಸ ಸಂಹಿತೆಯಲ್ಲಿ ಕೃಷಿ ಕೆಲಸಕ್ಕೆ ಐದು ಜನರಿಗಿಂತ ಹೆಚ್ಚು ಇಟ್ಟುಕೊಳ್ಳದವರಿಗೆ ರಿಜಿಸ್ಟರ್, ಕೂಲಿ ಚೀಟಿಗಳಿಂದ ವಿನಾಯಿತಿ ಇದೆ, ನಿಜ. ಆದರೆ ಅಧಿಕಾರಿ ಕೇಳಿದಾಗ ಕೂಲಿ ಕೊಟ್ಟದ್ದಕ್ಕೆ ತಕ್ಕ ಪುರಾವೆ ತೋರಿಸಬೇಕೆಂದು ಅಲ್ಲೇ ಬರೆದಿದೆ. ಐದಕ್ಕಿಂತ ಹೆಚ್ಚು ಜನರಿದ್ದರೆ ಚೀಟಿ ಕೊಡಲೇಬೇಕು. ನಮ್ಮ ಸಣ್ಣ ಬೆಳೆಗಾರರಲ್ಲಿ ಮಳೆಗಾಲದಲ್ಲಿ ಮೂವರು, ಕುಯ್ಲಿನಲ್ಲಿ ಹದಿನೈದು ಜನ ಇರುವುದು ಸಾಮಾನ್ಯವಾದ್ದರಿಂದ ವಿನಾಯಿತಿಯನ್ನು ನಂಬಿ ಕೂರುವುದು ಕಷ್ಟ.

ಚೀಟಿಗೆ ಅಚ್ಚು ಹಾಕಿಸಿದ ಕಾಗದ ಬೇಕಿಲ್ಲ. ನಲವತ್ತು ಪುಟದ ಶಾಲೆಯ ನೋಟುಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಕಾರ್ಬನ್ ಇಟ್ಟು ಎರಡು ಪ್ರತಿ ಬರೆದರೆ ಸಾಕು. ಮೇಲಿನ ಪ್ರತಿ ಆಳಿಗೆ, ಕೆಳಗಿನದು ರುಜುವಿನೊಡನೆ ತಮಗೆ. ನಾನು ಈಗ ಬಟವಾಡೆಯ ಹಿಂದಿನ ದಿನ ಸಂಜೆಯೇ ಚೀಟಿಗಳನ್ನು ಕೊಟ್ಟುಬಿಡುತ್ತೇನೆ, ದುಡ್ಡು ಮರುದಿನ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳು ಓದಿ ಹೇಳುತ್ತಾರೆ. ತಕರಾರು ಇದ್ದವರು ಬೆಳಿಗ್ಗೆ ಹಾಜರಿಯ ಹೊತ್ತಿಗೆ ಹೇಳುತ್ತಾರೆ; ಲಕೋಟೆ ಇನ್ನೂ ಮುಚ್ಚಿರುವುದಿಲ್ಲ. ಕಳೆದ ಕುಯ್ಲಿನಲ್ಲಿ ಹಾಗೆ ಬಂದ ತಕರಾರು ಮೂರು. ಎರಡು ನನ್ನ ತಪ್ಪು, ಒಂದು ಅವರದು. ಅಂದು ಐನೂರು ಕೇಳಿ ಪಡೆದ ಹೆಂಗಸು ಈ ಸಲ ಚೀಟಿಯನ್ನು ಮೊಮ್ಮಗಳಿಂದ ಓದಿಸಿಕೊಂಡು ಬಂದು, ಸಾಲದ ಬಾಕಿಯ ಸಾಲಿನ ಮೇಲೆ ಬೆರಳಿಟ್ಟು, "ಇನ್ನು ಎರಡೇ ಬಟವಾಡೆ ಅಲ್ವಾ ಅಯ್ಯಾ?" ಎಂದು ಕೇಳಿದರು. ಹೌದು, ಎರಡೇ ಉಳಿದಿತ್ತು.